ಹರಾಜು ಪೆಟ್ಟಿಗೆ: ಕೂಗಿದ್ದು 25, ಬಿಲ್ಲು 30

ಪೆಟ್ಟಿಗೆ ಕೊನೆಗೂ ಸರಿಯಾದ ಲೆಕ್ಕ ಹೇಳುತ್ತಿದೆ. ಮೂರು ರಾತ್ರಿ ನಿದ್ದೆಗೆಡಿಸಿದ ದೋಷ ಬೆಸುಗೆಯಲ್ಲೂ ಇರಲಿಲ್ಲ, ತಂತಿಯಲ್ಲೂ ಇರಲಿಲ್ಲ. ಅದು ನನ್ನ ತಲೆಯಲ್ಲಿತ್ತು.

ಇದೇನು ಪೆಟ್ಟಿಗೆ ಎನ್ನುವವರಿಗಾಗಿ ಎರಡು ಮಾತು. ಹುಡುಕಾಟದ ಪುಟದಲ್ಲಿ ಯಾವ ಜಾಹೀರಾತು ಕಾಣಿಸಿಕೊಳ್ಳಬೇಕು, ಅದರ ಮೇಲೆ ಒಬ್ಬರು ಕ್ಲಿಕ್ ಮಾಡಿದರೆ ಜಾಹೀರಾತುದಾರ ಎಷ್ಟು ತೆರಬೇಕು ಎಂಬುದನ್ನು ಒಂದು ಹರಾಜು ತೀರ್ಮಾನಿಸುತ್ತದೆ. ಪ್ರತಿಯೊಂದು ಹುಡುಕಾಟಕ್ಕೂ ಹೊಸ ಹರಾಜು, ಪುಟ ತೆರೆಯುವಷ್ಟರಲ್ಲಿ ಮುಗಿದುಹೋಗುವ ಹರಾಜು. ಇದನ್ನು ನನ್ನ ಭಾವನಿಗೆ ಬಾಯಲ್ಲಿ ವಿವರಿಸಲು ಹೋಗಿ ಎರಡು ಸಲ ಸೋತಿದ್ದೆ. ಹಾಗಾಗಿ ಮೇಜಿನ ಮೇಲೆ ಇಟ್ಟು ತೋರಿಸಬಹುದಾದ ಯಂತ್ರ ಕಟ್ಟೋಣ ಎಂದು ಹೊರಟೆ. ಕೆಂಪು, ಹಸಿರು, ನೀಲಿ ಎಂಬ ಮೂವರು ಜಾಹೀರಾತುದಾರರು. ಒಬ್ಬೊಬ್ಬರಿಗೆ ಎರಡು ತಿರುಗುವ ಗುಂಡಿ: ಒಂದು ಕ್ಲಿಕ್‌ಗೆ ಎಷ್ಟು ನಾಣ್ಯ ಕೂಗುತ್ತಾರೆ ಎಂಬುದಕ್ಕೆ ಒಂದು, ಜಾಹೀರಾತನ್ನು ಸಾವಿರ ಬಾರಿ ತೋರಿಸಿದರೆ ಎಷ್ಟು ಕ್ಲಿಕ್ ಬರಬಹುದು ಎಂಬುದಕ್ಕೆ ಇನ್ನೊಂದು. ಪುಟದಲ್ಲಿ ಜಾಗ ಮಾತ್ರ ಎರಡೇ. ಬೋರ್ಡು, ಬೆಸುಗೆ, ಡಬ್ಬಿ ಕೊರೆದದ್ದು ಇವುಗಳ ಕಥೆ ಬಿಡುತ್ತೇನೆ, ನೀವೆಲ್ಲ ಮಾಡಿದವರೇ.

ಗುಂಡಿಗಳನ್ನು ಹೀಗೆ ನಿಲ್ಲಿಸಿದ್ದೆ. ಕೆಂಪು 40 ನಾಣ್ಯ ಕೂಗುತ್ತದೆ, ಸಾವಿರಕ್ಕೆ 20 ಕ್ಲಿಕ್. ಹಸಿರು 25 ನಾಣ್ಯ, 50 ಕ್ಲಿಕ್. ನೀಲಿ 30 ನಾಣ್ಯ, 30 ಕ್ಲಿಕ್.

ಹೊಸಬರು ಮೊದಲು ಎಡವುವುದು ಇಲ್ಲಿಯೇ. ಹೆಚ್ಚು ಕೂಗಿದವನು ಗೆಲ್ಲಬೇಕಲ್ಲವೇ? ಜಾಗ ಮಾರುವವನ ಕಡೆಯಿಂದ ನೋಡಿ. ತೋರಿಸಿದ್ದಕ್ಕೆ ಅವನಿಗೆ ಹಣವಿಲ್ಲ, ಕ್ಲಿಕ್ ಬಿದ್ದರೆ ಮಾತ್ರ ಹಣ. ಕೆಂಪನ್ನು ಸಾವಿರ ಬಾರಿ ತೋರಿಸಿದರೆ ಹೆಚ್ಚೆಂದರೆ 40×20, ಅಂದರೆ 800 ನಾಣ್ಯ ಸಿಗಬಹುದು. ನೀಲಿಯಿಂದ 900. ಹಸಿರಿನಿಂದ 1250. ಆದ್ದರಿಂದ ಕೂಗನ್ನೂ ಕ್ಲಿಕ್ ಬರುವ ಪ್ರಮಾಣವನ್ನೂ ಗುಣಿಸಿ ಬಂದ ಅಂಕದಿಂದಲೇ ಸರದಿ. ಹಸಿರು ಮೇಲೆ, ನೀಲಿ ಕೆಳಗೆ. ಎಲ್ಲರಿಗಿಂತ ಜೋರಾಗಿ ಕೂಗಿದ ಕೆಂಪಿಗೆ ಪುಟದಲ್ಲಿ ಜಾಗವೇ ಇಲ್ಲ.

ಇಷ್ಟು ಮೊದಲ ದಿನವೇ ಸರಿಯಾಗಿ ಕೆಲಸ ಮಾಡಿತು. ಗೋಳು ಶುರುವಾದದ್ದು ಬೆಲೆ ತೋರಿಸುವಾಗ. ನಾನು ಓದಿಕೊಂಡಿದ್ದ ಸೂತ್ರ ಎಲ್ಲರೂ ಹೇಳುವುದೇ: 'ಗೆದ್ದವನು ತನ್ನ ಕೂಗನ್ನಲ್ಲ, ತನ್ನ ಕೆಳಗಿನವನ ಕೂಗನ್ನು ತೆರುತ್ತಾನೆ.' ಅದನ್ನೇ ಬರೆದೆ. ಹಸಿರಿನ ಮುಂದೆ 30 ಎಂದು ಬೆಳಗಿತು. ನೀಲಿಯ ಮುಂದೆ 40.

ಹಸಿರು ಕೂಗಿದ್ದೇ 25. ನೀಲಿ ಕೂಗಿದ್ದೇ 30. ಇಬ್ಬರಿಂದಲೂ ಕೂಗಿದ್ದಕ್ಕಿಂತ ಹೆಚ್ಚು ವಸೂಲಿ! ಇದು ಹರಾಜಲ್ಲ, ದರೋಡೆ.

ನಾನು ಮೊದಲು ಬೈದದ್ದು ಬಿಡಿಭಾಗ ಮಾರುವವನನ್ನು, ಅದಕ್ಕೆ ಕಾರಣವೂ ಇತ್ತು. ಕಾಮನ್ ಕ್ಯಾಥೋಡ್ ಅಂಕಿಫಲಕ ಕೇಳಿದರೆ ಕಾಮನ್ ಆನೋಡ್ ಕಳಿಸಿದ್ದ ಪುಣ್ಯಾತ್ಮ. 'ಎರಡೂ ಒಂದೇ ಸರ್, ತಿರುಗಿಸಿ ಹಾಕಿ' ಎಂಬ ಉತ್ತರ ಬೇರೆ. ಹಾಗಾಗಿ ಅಂಕಿಗಳೇ ತಪ್ಪು ಬೆಳಗುತ್ತಿವೆ ಎಂದುಕೊಂಡು ಒಂದು ರಾತ್ರಿ ತಂತಿ ಬಿಚ್ಚಿ ಕಟ್ಟಿದೆ. ಎರಡನೆಯ ರಾತ್ರಿ ಗುಂಡಿಗಳು ನಡುಗುತ್ತಿವೆ ಎಂದು ಕೆಪಾಸಿಟರ್ ಹಾಕಿದೆ. ಮೂರನೆಯ ರಾತ್ರಿ ಎಲ್ಲ ಬದಿಗಿಟ್ಟು ಕಾಗದ, ಪೆನ್ಸಿಲ್ ಹಿಡಿದಾಗ ಕಂಡಿತು: ಯಂತ್ರ ನಾನು ಹೇಳಿದ್ದನ್ನೇ ನಿಷ್ಠೆಯಿಂದ ಮಾಡುತ್ತಿದೆ.

ಸರದಿ ನಿರ್ಧರಿಸಿದ್ದು ಅಂಕ, ಬೆಲೆ ನಿರ್ಧರಿಸಿದ್ದು ಕೂಗು. ಒಂದನ್ನು ಒಂದು ತಕ್ಕಡಿಯಲ್ಲಿ, ಇನ್ನೊಂದನ್ನು ಬೇರೆ ತಕ್ಕಡಿಯಲ್ಲಿ ತೂಗಿದ್ದೆ. ಕೇಳಬೇಕಾದ ಪ್ರಶ್ನೆ 'ಕೆಳಗಿನವನು ಎಷ್ಟು ಕೂಗಿದ?' ಎಂಬುದಲ್ಲ, 'ಈ ಸ್ಥಾನ ಕೈಬಿಡದಿರಲು ನನಗೆ ಕನಿಷ್ಠ ಎಷ್ಟು ಕೂಗು ಸಾಕಿತ್ತು?' ಎಂಬುದು. ಹಸಿರು ದಾಟಬೇಕಿರುವುದು ನೀಲಿಯ 900 ಅಂಕವನ್ನು. ಹಸಿರಿಗೆ ಸಾವಿರಕ್ಕೆ 50 ಕ್ಲಿಕ್. 900ನ್ನು 50ರಿಂದ ಭಾಗಿಸಿದರೆ 18. ಅಷ್ಟು ಕೂಗಿದ್ದರೆ ಸಮ, ಇನ್ನೊಂದು ನಾಣ್ಯ ಸೇರಿಸಿದರೆ ಗೆಲುವು. ಆದ್ದರಿಂದ ಬೆಲೆ 19. ನೀಲಿ ದಾಟಬೇಕಿರುವುದು ಕೆಂಪಿನ 800 ಅಂಕವನ್ನು. 30ರಿಂದ ಭಾಗಿಸಿದರೆ 26 ಚಿಲ್ಲರೆ, ಬೆಲೆ 27.

```
price[i] = score[i+1] / ctr[i] + 1;
```

ಇಷ್ಟೇ ಒಂದು ಸಾಲು. `score` ಎಂದರೆ ಅಂಕ, `ctr` ಎಂದರೆ ಸಾವಿರಕ್ಕೆ ಬರುವ ಕ್ಲಿಕ್, `i+1` ಎಂದರೆ ಕೆಳಗಿನವನು. ಕೊನೆಯ `+ 1` ಮೊದಲು ಇರಲಿಲ್ಲ. ಪೂರ್ಣಾಂಕದ ಭಾಗಾಕಾರ ಚಿಲ್ಲರೆಯನ್ನು ನುಂಗಿ ನೀಲಿಗೆ 26 ಎಂದಿತ್ತು. 26×30 ಎಂದರೆ 780. ಅಷ್ಟಕ್ಕೆ ಕೆಂಪೇ ಮೇಲಾಗುತ್ತಿತ್ತು.

ಖುಷಿಯಿಂದ ಕುಣಿಯುವ ಮೊದಲೇ ಇನ್ನೊಂದು ಅನುಮಾನ. ಮೇಲಿನ ಜಾಗದ ಹಸಿರು 19 ತೆತ್ತರೆ ಕೆಳಗಿನ ಜಾಗದ ನೀಲಿ 27 ತೆರುತ್ತಿದೆ. ಕೆಳಗಿನ ಜಾಗ ಹೆಚ್ಚು ದುಬಾರಿಯೇ? ಸರದಿ ತಲೆಕೆಳಗಾಗಿದೆಯೇ ಎಂದು ಮತ್ತೊಮ್ಮೆ ಪರಿಶೀಲಿಸಿದೆ. ಆಗಿಲ್ಲ, ಲೆಕ್ಕ ಸರಿಯೇ ಇದೆ. ಜನ ಮೆಚ್ಚಿ ಒತ್ತುವ ಜಾಹೀರಾತಿಗೆ ಒಂದೊಂದು ಕ್ಲಿಕ್ಕೂ ಅಗ್ಗ, ಏಕೆಂದರೆ ಭಾಗಿಸುವ ಸಂಖ್ಯೆ ದೊಡ್ಡದು.

ಶನಿವಾರ ಭಾವ ಬಂದರು. ಹಸಿರಿನ ಕೂಗನ್ನು 25ರಿಂದ 60ಕ್ಕೆ ತಿರುಗಿಸಿದರು. ಬೆಲೆ 19ರಲ್ಲೇ ನಿಂತಿತು. 'ಈ ಗುಂಡಿ ಕೆಟ್ಟಿದೆ ನೋಡು' ಎಂದರು. ಕೆಟ್ಟಿಲ್ಲ ಎಂದೆ. ಕೂಗು ತೀರ್ಮಾನಿಸುವುದು ಸ್ಥಾನವನ್ನು, ಬೆಲೆ ತೀರ್ಮಾನವಾಗುವುದು ಕೆಳಗಿನವನ ಅಂಕ ಮತ್ತು ನಮ್ಮ ಕ್ಲಿಕ್ ಪ್ರಮಾಣದಿಂದ. ಅವರು ನಂಬದೆ ಹಸಿರನ್ನು 25ಕ್ಕೆ ಇಳಿಸಿ, ನೀಲಿಯ ಕೂಗನ್ನು 40ಕ್ಕೆ ಏರಿಸಿದರು. ನೀಲಿ ಕೆಳಗೇ ಉಳಿಯಿತು, ಆದರೆ ಅದರ ಅಂಕ 1200 ಆಯಿತು. ಹಸಿರಿನ ಬೆಲೆ 25ಕ್ಕೆ ಹಾರಿತು. ಹಸಿರು ತನ್ನ ಗುಂಡಿ ಮುಟ್ಟದೆಯೇ ಅದರ ಖರ್ಚು ಏರಿತು. 'ನಾನೇನೂ ಬದಲಿಸಿಲ್ಲ, ಕ್ಲಿಕ್ ಬೆಲೆ ಏಕೆ ಹೆಚ್ಚಾಯಿತು?' ಎಂದು ಜಾಹೀರಾತುದಾರರು ಗೊಣಗುವುದು ಬಹಳ ಸಲ ಇದಕ್ಕೇ.

'ಹಾಗಾದರೆ ಎಲ್ಲರೂ ನಿಜ ಹೇಳಿದರೆ ಆಯಿತಲ್ಲ, ಹೇಗೂ ಕೂಗಿದಷ್ಟು ಕೊಡಬೇಕಿಲ್ಲ' ಎಂದರು ಭಾವ. ಒಂದೇ ವಸ್ತು ಹರಾಜಿಗಿದ್ದರೆ ಅವರ ಮಾತು ಸರಿ. ಅದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರೆ 1961ರಲ್ಲೇ ತೋರಿಸಿದ್ದರು. ಇಲ್ಲಿರುವುದು ಎರಡು ಜಾಗ, ಅಲ್ಲೇ ಕೊಂಕು. ಹಸಿರಿಗೆ ಒಂದು ಕ್ಲಿಕ್ ನಿಜಕ್ಕೂ 25 ನಾಣ್ಯದ ಲಾಭ ತರುತ್ತದೆ ಎನ್ನಿ. ನೀಲಿ 40ರಲ್ಲಿರುವಾಗ ಹಸಿರು ನಿಜ ಹೇಳಿ 25 ಕೂಗಿದರೆ ಮೇಲಿನ ಜಾಗ ಸಿಗುತ್ತದೆ, ತೆರುವುದೂ 25, ಕೈಯಲ್ಲಿ ಉಳಿಯುವುದು ಸೊನ್ನೆ. ಅದೇ ಸುಳ್ಳು ಹೇಳಿ 20 ಕೂಗಿದರೆ ಅಂಕ 1000ಕ್ಕೆ ಇಳಿದು ಕೆಳಗಿನ ಜಾಗ ಸಿಗುತ್ತದೆ. ಆಗ ದಾಟಬೇಕಿರುವುದು ಕೆಂಪಿನ 800 ಮಾತ್ರ, ಬೆಲೆ 17, ಕ್ಲಿಕ್‌ಗೆ 8 ನಾಣ್ಯ ಉಳಿತಾಯ. ಕೆಳಗಿನ ಜಾಗದಲ್ಲಿ ಸಾವಿರಕ್ಕೆ 50ರ ಬದಲು 30 ಕ್ಲಿಕ್ ಬಂದರೂ 240 ನಾಣ್ಯ ಉಳಿಯಿತು. ಎಡೆಲ್‌ಮನ್, ಒಸ್ಟ್ರೋವ್‌ಸ್ಕಿ, ಶ್ವಾರ್ಟ್ಸ್ ಎಂಬ ಮೂವರು 2007ರಲ್ಲಿ ಇದನ್ನೇ ಗಣಿತದಲ್ಲಿ ಬಿಡಿಸಿಟ್ಟರು: ಈ ಬಗೆಯ ಹರಾಜು ವಿಕ್ರೆಯವರದರಂತೆ ಕಂಡರೂ ನಿಜ ಹೇಳುವುದೇ ಲಾಭ ಎಂಬ ಗುಣ ಇದಕ್ಕಿಲ್ಲ.

ಮುಂದಿನ ಯಂತ್ರದ ಯೋಚನೆ ಆಗಲೇ ಹೊಳೆದದ್ದು. 1998ರಲ್ಲಿ ಬಿಲ್ ಗ್ರಾಸ್ ಅವರ ಹುಡುಕಾಟದ ತಾಣ ಗೋಟು.ಕಾಮ್ ಕ್ಲಿಕ್ ಲೆಕ್ಕದ ಹರಾಜು ಶುರುಮಾಡಿದಾಗ ಕೂಗಿದಷ್ಟನ್ನೇ ತೆರಬೇಕಿತ್ತು, ಇನ್ನೊಬ್ಬರ ಕೂಗೂ ಕಾಣುತ್ತಿತ್ತು. ಪರಿಣಾಮ ಮಜವಾಗಿತ್ತು. ಇಬ್ಬರು ಒಬ್ಬರ ಮೇಲೊಬ್ಬರು ಒಂದೊಂದೇ ಕಾಸು ಏರಿಸುತ್ತ ಹೋಗುತ್ತಾರೆ, ಒಬ್ಬನಿಗೆ ಗಿಟ್ಟದಂತಾದಾಗ ಅವನು ದಿಢೀರನೆ ಮೂರನೆಯವನಿಗಿಂತ ಚೂರು ಮೇಲಕ್ಕೆ ಜಾರುತ್ತಾನೆ, ಇನ್ನೊಬ್ಬ ಅವನಿಗಿಂತ ಒಂದೇ ಕಾಸು ಮೇಲಕ್ಕೆ ಇಳಿಯುತ್ತಾನೆ, ಮತ್ತೆ ಏರಾಟ. ಬೆಲೆಯ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. 2002ರಲ್ಲಿ ಗೂಗಲ್ ಕ್ಲಿಕ್ ಲೆಕ್ಕಕ್ಕೆ ಬಂದಾಗ ಕ್ಲಿಕ್ ಪ್ರಮಾಣವನ್ನು ಸರದಿಗೆ ಸೇರಿಸಿ, ಕೂಗಿದಷ್ಟಲ್ಲ, ಸ್ಥಾನ ಉಳಿಯಲು ಬೇಕಾದಷ್ಟೇ ವಸೂಲಿ ಮಾಡುವ ಕ್ರಮ ತಂದಿತು. ಆ ಗರಗಸವನ್ನು ಕಾಗದದ ಸುರುಳಿಯ ಮೇಲೆ ಪೆನ್ನಿನಿಂದ ಬಿಡಿಸುವ ಯಂತ್ರ ಮಾಡಬೇಕು. ಸ್ಟೆಪ್ಪರ್ ಮೋಟಾರು ಎರಡು ಬೇಕು. ಆ ಪುಣ್ಯಾತ್ಮನ ಹತ್ತಿರ ಮಾತ್ರ ಕೊಳ್ಳುವುದಿಲ್ಲ.

ಪೆಟ್ಟಿಗೆಯ ಮಿತಿಯನ್ನೂ ಹೇಳಿಬಿಡುತ್ತೇನೆ. ನನ್ನಲ್ಲಿ ಕ್ಲಿಕ್ ಪ್ರಮಾಣಕ್ಕೆ ಗುಂಡಿ ಇದೆ. ನಿಜವಾದ ಹರಾಜಿನಲ್ಲಿ ಅದನ್ನು ಹಿಂದಿನ ದಾಖಲೆಗಳಿಂದ ಊಹಿಸಬೇಕು. ಮೇಲಿನ ಜಾಗದಲ್ಲಿದ್ದುದಕ್ಕೇ ಬಿದ್ದ ಕ್ಲಿಕ್ಕುಗಳನ್ನು ಕಳೆಯದಿದ್ದರೆ ಮೇಲಿದ್ದವನು ಮೇಲೆಯೇ ಉಳಿಯುತ್ತಾನೆ. ಜೊತೆಗೆ ಹುಡುಕಿದ ಮಾತಿಗೆ ಜಾಹೀರಾತು ಹೊಂದುತ್ತದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಚೆನ್ನಾಗಿದೆಯೇ ಎಂಬುದೂ ಗುಣಮಟ್ಟದ ಲೆಕ್ಕಕ್ಕೆ ಸೇರುತ್ತದೆ. ನನ್ನ ಡಬ್ಬಿಯಲ್ಲಿ ಅಷ್ಟು ತೂತು ಕೊರೆಯಲು ಜಾಗವಿಲ್ಲ.

ಹೊರಡುವ ಮುಂಚೆ ಭಾವ ಕೆಂಪಿನ ಕೂಗನ್ನು ಸೊನ್ನೆಗೆ, ನೀಲಿಯದನ್ನು ಮತ್ತೆ 30ಕ್ಕೆ ತಂದರು. ನೀಲಿಯ ಬೆಲೆ 27ರಿಂದ 1ಕ್ಕೆ ಬಿತ್ತು. ಕೆಳಗೆ ಯಾರೂ ಇಲ್ಲ, ದಾಟಬೇಕಾದ ಅಂಕ ಸೊನ್ನೆ, ಹಾಗಾಗಿ ಒಂದೇ ನಾಣ್ಯ. 'ಜಾಗ ಮಾರುವವನು ಇದಕ್ಕೆ ಒಪ್ಪುತ್ತಾನೇನು?' ಎಂದು ನಕ್ಕರು. ಒಪ್ಪುವುದಿಲ್ಲ. ಅದಕ್ಕೇ ಹರಾಜಿಗೆ ಒಂದು ಹೊಸ್ತಿಲು ಇರುತ್ತದೆ: ಅಷ್ಟು ಅಂಕ ಇಲ್ಲದವರನ್ನು ಜಾಗ ಖಾಲಿ ಬಿದ್ದಿದ್ದರೂ ತೋರಿಸುವುದಿಲ್ಲ, ಕೆಳಗೆ ಸ್ಪರ್ಧಿ ಇಲ್ಲದವನು ಆ ಹೊಸ್ತಿಲನ್ನೇ ದಾಟುವಷ್ಟು ತೆರಬೇಕು. ಹೊಸ್ತಿಲು 500 ಎಂದಿಟ್ಟರೆ ನೀಲಿಗೆ 17 ನಾಣ್ಯ.

```
need = max(score[i+1], floor_score);
price[i] = need / ctr[i] + 1;
```

ಇದಕ್ಕೆ ಏಳನೆಯ ಗುಂಡಿ ಬೇಕು. ಡಬ್ಬಿಯ ಬಲಬದಿಯಲ್ಲಿ ಒಂದು ತೂತಿನಷ್ಟು ಜಾಗ ಉಳಿದಿದೆ, ಅಂಕಿಫಲಕದ ತಂತಿಗಳಿಗೆ ತೀರಾ ಹತ್ತಿರದಲ್ಲಿ. ನಾಳೆ ಕೊರೆಯುತ್ತೇನೆ.