ಆನ್‌ಲೈನ್ ಅಂಗಡಿ ಮಾರುವಾಗ ಬೆಲೆ ಕಟ್ಟುವುದು ಯಾವುದಕ್ಕೆ?

ಆನ್‌ಲೈನ್ ಅಂಗಡಿ ಮಾರಬೇಕು ಅಂತ ಬರುವವರು ಮೊದಲು ತೋರಿಸುವುದು ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್. ಅದೂ ದೀಪಾವಳಿ ಮುಗಿದ ಮೇಲೇ ಬರುವವರು ಜಾಸ್ತಿ, ಯಾಕೆ ಅಂತ ಗೊತ್ತೇ ಇದೆ! ಖರೀದಿಸುವವರ ಪರವಾಗಿ ಇಂಥ ಅಂಗಡಿಗಳ ಲೆಕ್ಕ ನೋಡುವುದು ನನ್ನ ಕೆಲಸ. ಆಷಾಢವೂ ಸೇರಿದ ಪೂರ್ತಿ ಹನ್ನೆರಡು ತಿಂಗಳ ಲೆಕ್ಕ ಸಿಗದೆ ನಾನು ಬೆಲೆಯ ಮಾತು ಎತ್ತುವುದಿಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಯ ಉದಾಹರಣೆ ಹೇಳುತ್ತೇನೆ. ಇಳಕಲ್ ಸೀರೆ ಮಾರುವ ಶಾಪಿಫೈ ಸೈಟ್, ಮೂರು ವರ್ಷದಿಂದ ನಡೆಯುತ್ತಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ವರ್ಷದ ಮಾರಾಟ 63 ಲಕ್ಷ. ಅದರಲ್ಲಿ 5% ಜಿಎಸ್‌ಟಿ ತೆಗೆದರೆ 60 ಲಕ್ಷ. ಆದರೆ ಜಿಎಸ್‌ಟಿ ಫೈಲಿಂಗ್‌ನಲ್ಲಿ ತೋರಿಸಿದ್ದು 50 ಲಕ್ಷ ಮಾತ್ರ. ಇದನ್ನು ನೋಡಿದ ಕೂಡಲೇ ಖರೀದಿದಾರರಿಗೆ ಅನುಮಾನ ಬಂತು. ಹತ್ತು ಲಕ್ಷ ಮುಚ್ಚಿಟ್ಟಿದ್ದಾರೆ, ನಾಳೆ ನೋಟಿಸ್ ಬಂದರೆ ಯಾರ ತಲೆಗೆ ಅಂತ.

ಕಾರಣ ಬೇರೆಯೇ ಇತ್ತು. ಆರ್ಡರ್‌ಗಳನ್ನು ಸಿಎಸ್‌ವಿ ಫೈಲ್ ಮಾಡಿ ಇಳಿಸಿಕೊಂಡೆ. ಅದರಲ್ಲಿ Financial Status ಅನ್ನುವ ಕಾಲಂ ಇರುತ್ತದೆ. ನೂರಾರು ಸಾಲುಗಳಲ್ಲಿ pending ಅಂತಿತ್ತು, ಪಕ್ಕದ Paid at ಖಾಲಿ. ಎಲ್ಲವೂ ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳೇ. ಗ್ರಾಹಕ ಆರ್ಡರ್ ಒತ್ತಿದ ಕ್ಷಣಕ್ಕೇ ಸೈಟ್ ಅದನ್ನು ಮಾರಾಟ ಅಂತ ಬರೆದುಕೊಳ್ಳುತ್ತದೆ. ಪಾರ್ಸಲ್ ವಾಪಸ್ ಬಂದರೂ, ಯಾರಾದರೂ ಕ್ಯಾನ್ಸಲ್ ಒತ್ತುವವರೆಗೆ ಆ ಮೊತ್ತ ಅಲ್ಲೇ ಕೂತಿರುತ್ತದೆ.

“ವಾಪಸ್ ಬಂದಿದ್ದನ್ನ ಸೈಟ್‌ನಲ್ಲಿ ಕ್ಯಾನ್ಸಲ್ ಮಾಡ್ತೀರಾ ಮೇಡಂ?” ಅಂತ ಅಂಗಡಿಯ ಮಾಲೀಕರನ್ನು ಕೇಳಿದೆ.

“ಇಲ್ರೀ, ಸೀರಿ ಕಪಾಟಿನ್ಯಾಗ ವಾಪಸ್ ಇಡ್ತೀವಿ, ಅಷ್ಟ.”

ಹಾಗಂತ pending ಇರುವುದೆಲ್ಲ ವಾಪಸ್ ಬಂದದ್ದೇ ಅಂತ ತಿಳಿಯಬಾರದು. ಹಣ ಬಂದರೂ ಗುರುತು ಹಾಕದವರು ಇದ್ದಾರೆ. ಅದಕ್ಕೇ ಕೊರಿಯರ್ ಕಂಪನಿಯಿಂದ ಕ್ಯಾಶ್ ಆನ್ ಡೆಲಿವರಿ ಹಣದ ರಿಪೋರ್ಟ್ ತರಿಸಿ, ಪಾರ್ಸಲ್ ಗುರುತಿಸುವ ಎಡಬ್ಲ್ಯೂಬಿ ನಂಬರ್ ಹಿಡಿದು ಒಂದೊಂದೇ ಆರ್ಡರ್‌ಗೆ ಹೊಂದಿಸಬೇಕು. ಆಮೇಲೆ ಆ ಮೊತ್ತ ಬ್ಯಾಂಕಿಗೆ ಬಂದಿದೆಯಾ ಅಂತ ನೋಡಬೇಕು. ಇಲ್ಲಿ ಹಾಗೆ ಹೊಂದಿಸಿದಾಗ ಜಿಎಸ್‌ಟಿಯೂ ಸೇರಿ ಹತ್ತೂವರೆ ಲಕ್ಷದ ಸೀರೆ ವಾಪಸ್ ಬಂದಿತ್ತು. ಅಲ್ಲಿಗೆ ಫೈಲಿಂಗ್‌ನ 50 ಲಕ್ಷ ಸರಿಹೋಯಿತು. ಅನುಮಾನ ಹೋಯಿತು, ಆದರೆ ಮಾರಾಟ ಅಷ್ಟೇ ಅಂತಲೂ ಖಚಿತವಾಯಿತು.

ಇಷ್ಟಾದರೂ ಬೆಲೆ ಕಟ್ಟುವುದು ಮಾರಾಟಕ್ಕಲ್ಲ, ಮಾಲೀಕರ ಕೈಗೆ ಉಳಿಯುವ ಹಣಕ್ಕೆ. ಪುಸ್ತಕದ ಪ್ರಕಾರ ಲಾಭ 7 ಲಕ್ಷ. ಒಮ್ಮೆ ಮಾತ್ರ ಆದ ಫೋಟೋಶೂಟ್ ಖರ್ಚು 60,000, ಮನೆಯ ಪೆಟ್ರೋಲು ಮತ್ತು ಫೋನ್ ಬಿಲ್ಲು 40,000. ಹೊಸ ಮಾಲೀಕರಿಗೆ ಈ ಎರಡೂ ಖರ್ಚು ಇರುವುದಿಲ್ಲ, ಹಾಗಾಗಿ ಲಾಭಕ್ಕೆ ವಾಪಸ್ ಸೇರಿಸಿದೆವು. ಮಾಲೀಕರು ಇನ್ನೊಂದನ್ನೂ ಸೇರಿಸಲು ಕೇಳಿದರು: “ಜಾಹೀರಾತಿನ ಪ್ರಯೋಗ” ಅಂತ ಒಂದೂವರೆ ಲಕ್ಷ. ಅದನ್ನು ಒಪ್ಪಲಿಲ್ಲ. ಪ್ರತಿ ವರ್ಷವೂ ಯಾವುದೋ ಒಂದು ಜಾಹೀರಾತು ಸೋಲುತ್ತದೆ, ಅಲ್ವಾ?

ಕಳೆಯುವುದೂ ಇತ್ತು. ಪ್ಯಾಕಿಂಗ್ ಮಾಡುತ್ತಿದ್ದವರು ಅವರ ಮೈದುನ, ಸಂಬಳ ಇಲ್ಲ. ಹೊಸ ಮಾಲೀಕರಿಗೆ ಆ ಮೈದುನ ಸಿಗುವುದಿಲ್ಲ. ತಿಂಗಳಿಗೆ 15,000 ಕೊಟ್ಟು ಆಳು ಇಡಬೇಕು, ಅಂದರೆ ವರ್ಷಕ್ಕೆ 1.8 ಲಕ್ಷ. ಕೊನೆಗೆ ಉಳಿದದ್ದು 6.2 ಲಕ್ಷ. ಅವರ ಲೆಕ್ಕದಲ್ಲಿ ಇದೇ ಅಂಕಿ ಒಂಬತ್ತೂವರೆ ಲಕ್ಷ ಇತ್ತು, ಅದರ ಮೂರು ಪಟ್ಟು ಕೇಳಿದ್ದರು.

ಎಷ್ಟು ಪಟ್ಟು ಅನ್ನುವುದಕ್ಕೆ ಸೂತ್ರ ಇಲ್ಲ. ನಾಳೆಯೂ ಇಷ್ಟೇ ಲಾಭ ಬರುತ್ತದೆ ಅನ್ನುವ ನಂಬಿಕೆ ಎಷ್ಟಿದೆಯೋ ಅಷ್ಟು. ದಿನದ ಜಾಹೀರಾತು ಖರ್ಚನ್ನು ದಿನದ ಆರ್ಡರ್ ಪಕ್ಕ ಇಟ್ಟು ನೋಡಿದೆ. ಜಾಹೀರಾತು ನಿಲ್ಲಿಸಿದ ವಾರಗಳಲ್ಲಿ ಆರ್ಡರ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಒಮ್ಮೆ ತೆಗೆದುಕೊಂಡವರು ಮತ್ತೆ ಸೈಟ್‌ಗೆ ಬರುವುದು ಕಡಿಮೆ ಅಂತ ಅರ್ಥ. ಮೇಲಾಗಿ ಹೆಚ್ಚಿನ ಸೀರೆ ಬರುತ್ತಿದ್ದುದು ಒಬ್ಬರೇ ವ್ಯಾಪಾರಿಯಿಂದ. ಎರಡೂವರೆ ಪಟ್ಟಿಗೆ, 15.5 ಲಕ್ಷಕ್ಕೆ ಮಾತು ನಿಂತಿತು. ಸ್ಟಾಕ್ ಬೇರೆ, ಅದೂ ಕೊಂಡ ಬೆಲೆಗೆ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ್ದನ್ನು ಪಕ್ಕಕ್ಕೆ ಇಟ್ಟು ಎಣಿಸಿದೆವು.

ವರ್ಗಾವಣೆಯಲ್ಲಿ ಜನ ಎಡವುವುದು ಇಲ್ಲಿ: ಒಬ್ಬರ ಹೆಸರಿನ ವ್ಯಾಪಾರವಾದರೆ ಜಿಎಸ್‌ಟಿ ನಂಬರ್ ಅವರ ಪ್ಯಾನ್‌ಗೆ ಅಂಟಿಕೊಂಡಿರುತ್ತದೆ, ಅದನ್ನು ಮಾರಲು ಬರುವುದಿಲ್ಲ. ಖರೀದಿದಾರರು ಹೊಸ ನಂಬರ್ ಮಾಡಿಸಬೇಕು. ಪೇಮೆಂಟ್ ಗೇಟ್‌ವೇಗೂ ಕೊರಿಯರ್‌ಗೂ ಹೊಸದಾಗಿ ಕೆವೈಸಿ ಆಗಬೇಕು. ಇದೆಲ್ಲ ಮುಗಿಯದೆ ಹಳೆಯ ಖಾತೆ ಮುಚ್ಚಿದರೆ ಆರ್ಡರ್ ಬಂದರೂ ಹಣ ಬರುವುದಿಲ್ಲ. ವಾಟ್ಸಾಪ್ ನಂಬರ್ ಮರೆಯಬೇಡಿ. ಇವರ ಹಳೇ ಗ್ರಾಹಕರು ಸೈಟ್ ಬಿಟ್ಟು ಅಲ್ಲೇ ಸೀರೆ ಕೇಳುತ್ತಿದ್ದರು, ಸಿಮ್ ಮಾತ್ರ ಮೈದುನನ ಹೆಸರಲ್ಲಿತ್ತು. ಸಿಮ್ ಹೆಸರು ಬದಲಾಗುವವರೆಗೆ ಮೂರು ಲಕ್ಷ ಹಿಡಿದಿಟ್ಟು, ಉಳಿದ ಹಣ ಕೊಡಿಸಿದೆ.