ಆವರಣದ ಒಳಗಿನ ಎರಡು, ಹೊರಗಿನ ಎರಡು

“ಸಾರ್, f(x + 2) ಅಂದ್ರೆ f(x)ಗೆ ಎರಡು ಕೂಡಿಸೋದು ತಾನೆ? ಮತ್ತೆ ಈ ಡೊಮೈನು, ರೇಂಜು ಸರಿ ಬಂದಿದೆಯೋ ಇಲ್ವೋ ಅಂತ ಉತ್ತರದ ಹಾಳೆ ನೋಡದೇ ಹೇಗೆ ತಿಳ್ಕೊಳ್ಳೋದು?”

ಅಲ್ಲ. f(x + 2)ನಲ್ಲಿ ಎರಡು ಸೇರುವುದು ಫಂಕ್ಷನ್ನಿಗೆ ನಾವು ಕೊಡುವ ಸಂಖ್ಯೆಗೆ. f(x) + 2ರಲ್ಲಿ ಸೇರುವುದು ಫಂಕ್ಷನ್ ವಾಪಸು ಕೊಟ್ಟ ಉತ್ತರಕ್ಕೆ. ತರಗತಿಯಲ್ಲಿ ಇವೆರಡನ್ನೂ ನಾವು ಮೇಷ್ಟ್ರುಗಳು “ಎಫ್ ಆಫ್ ಎಕ್ಸ್ ಪ್ಲಸ್ ಟು” ಎಂದು ಒಂದೇ ಉಸಿರಿನಲ್ಲಿ ಓದಿಬಿಡುತ್ತೇವೆ. ಬೋರ್ಡು ನೋಡದೆ ಕಿವಿಯಲ್ಲೇ ಬರೆದುಕೊಳ್ಳುವ ಹುಡುಗರಿಗೆ ಆವರಣ ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ. ಫಸ್ಟ್ ಪಿಯುಸಿ ಪುಸ್ತಕದ ಎರಡನೇ ಅಧ್ಯಾಯಕ್ಕೇ ಈ ಗೊಂದಲ ಶುರುವಾಗುತ್ತದೆ, ಲಿಮಿಟ್ಸ್ ಬರುವ ಹೊತ್ತಿಗೆ f(x + h) ಆಗಿ ಮತ್ತೆ ಎದುರು ಬಂದು ನಿಲ್ಲುತ್ತದೆ.

ಶಿವಮೊಗ್ಗದ ಮಕ್ಕಳಿಗೆ ನಾನು ತುಂಗೆಯ ನೀರಿನಿಂದ ಹೇಳುತ್ತೇನೆ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಎಷ್ಟು ಮುಳುಗಿದೆ ಎಂದು ನೋಡಲು ಊರೇ ಸೇತುವೆಯ ಮೇಲೆ ನಿಲ್ಲುತ್ತದಲ್ಲ. ಒಂದು ದಿನ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ನೀರಿನ ಮಟ್ಟ ಎಷ್ಟೆಷ್ಟು ಅಡಿ ಇತ್ತು ಎನ್ನುವ ದಾಖಲೆ ನಮ್ಮ ಕೈಲಿದೆ ಎಂದುಕೊಳ್ಳಿ. ಆರು ಗಂಟೆಯನ್ನು 0 ಎಂದು ಹಿಡಿದರೆ ಹನ್ನೊಂದು ಗಂಟೆ 5. f(t) ಅಂದರೆ t ಹೊತ್ತಿನಲ್ಲಿ ಇದ್ದ ನೀರು. ಹಾಗಾದರೆ f(t + 2) ಅಂದರೆ ಎರಡು ತಾಸು ಬಿಟ್ಟು ಇರುವ ನೀರು. f(t) + 2 ಅಂದರೆ ಈಗಿನದಕ್ಕಿಂತ ಎರಡು ಅಡಿ ಮೇಲೆ. ಒಂದು ಎರಡು ತಾಸಿನದು, ಇನ್ನೊಂದು ಎರಡು ಅಡಿಯದು. ಅವೆರಡನ್ನು ಒಂದೇ ಎಂದು ಯಾರೂ ಹೇಳುವುದಿಲ್ಲ.

ಡೊಮೈನ್, ಅಂದರೆ ಫಂಕ್ಷನ್ನಿಗೆ ಕೊಡಬಹುದಾದ ಬೆಲೆಗಳು ಯಾವುವು ಎನ್ನುವುದು ಕೂಡ ಇಲ್ಲೇ ಬಗೆಹರಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ, ಅಂದರೆ t = −2 ಇದ್ದಾಗ, “ಎರಡು ತಾಸು ಬಿಟ್ಟು ಎಷ್ಟು?” ಎಂದು ಕೇಳಿದರೆ ಆರು ಗಂಟೆಯ ಲೆಕ್ಕ ನೋಡಿ ಉತ್ತರ ಹೇಳಬಹುದು. ಒಂಬತ್ತಕ್ಕೆ ಕೇಳಿದರೆ ಹನ್ನೊಂದರದು ಇದೆ. ಹತ್ತಕ್ಕೆ ಕೇಳಿದರೆ ಹನ್ನೆರಡರದು ಬೇಕು, ಅದು ದಾಖಲೆಯಲ್ಲಿಲ್ಲ. ಹಾಗಾಗಿ f(t)ಯ ಡೊಮೈನ್ 0ಯಿಂದ 5 ಆಗಿದ್ದರೆ f(t + 2)ರ ಡೊಮೈನ್ −2ರಿಂದ 3. ನೀರು ಮಾತ್ರ ಅದೇ ನೀರು, ಆದ್ದರಿಂದ ರೇಂಜ್, ಅಂದರೆ ಫಂಕ್ಷನ್ ವಾಪಸು ಕೊಡುವ ಬೆಲೆಗಳು, ಬದಲಾಗಲಿಲ್ಲ. ಪ್ಲಸ್ ಇದ್ದರೂ ಗ್ರಾಫ್ ಎಡಕ್ಕೇಕೆ ಸರಿಯುತ್ತದೆ ಎನ್ನುವುದಕ್ಕೂ ಇದೇ ಕಾರಣ: ಎರಡು ತಾಸು ಮುಂದಿನದನ್ನು ಈಗಲೇ ಗುರುತು ಹಾಕುತ್ತ ಹೋದರೆ ಹತ್ತು ಗಂಟೆಯ ಏರಿಕೆ ಎಂಟು ಗಂಟೆಯ ಜಾಗದಲ್ಲಿ ಕಾಣುತ್ತದೆ.

ಇನ್ನು ವರ್ಕ್‌ಶೀಟಿನ ಲೆಕ್ಕ. ಇಂಥದೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ:

f(x) = x² − 4x + 5, 0 ≤ x ≤ 5. f(x + 2) ಕಂಡುಹಿಡಿದು ಅದರ ಡೊಮೈನ್, ರೇಂಜ್ ಬರೆಯಿರಿ.

ಬದಲಿಗೆ ಹಾಕುವಾಗ ನಾನು ಮೊದಲು x ಅನ್ನೇ ಅಳಿಸಲು ಹೇಳುತ್ತೇನೆ. f( ) = ( )² − 4( ) + 5 ಎಂದು ಖಾಲಿ ಆವರಣಗಳನ್ನು ಬರೆದುಕೊಂಡು, ಪ್ರತಿಯೊಂದರೊಳಗೂ x + 2 ಇಡಬೇಕು. ಹೀಗೆ ಬರೆದರೆ ಒಂದು x ಬದಲಿಸಿ ಇನ್ನೊಂದನ್ನು ಮರೆಯುವುದು ತಪ್ಪುತ್ತದೆ, −4 ಆವರಣದ ಎರಡೂ ಪದಗಳಿಗೆ ತಗಲುವುದೂ ಕಣ್ಣಿಗೆ ಕಾಣುತ್ತದೆ. (x + 2)² − 4(x + 2) + 5 ಅನ್ನು ಬಿಡಿಸಿದರೆ x² + 4x + 4 − 4x − 8 + 5. 4xಗಳು ಹೊಡೆದುಹೋಗಿ ಉಳಿಯುವುದು x² + 1.

ಇದು ಸರಿಯೇ ಎಂದು ನೋಡಲು ಒಂದು ಸಂಖ್ಯೆ ಹಾಕಿ ನೋಡು ಎಂದು ಎಲ್ಲರೂ ಹೇಳುತ್ತಾರೆ. ಯಾವ ಸಂಖ್ಯೆ ಎಂದು ಹೇಳುವವರು ಕಡಿಮೆ, ಗುಟ್ಟು ಇರುವುದು ಅಲ್ಲೇ. ಸುಲಭವಾಗಲಿ ಎಂದು ಹುಡುಗರು ಸೊನ್ನೆ ಹಾಕುತ್ತಾರೆ. (x + 2)² ಅನ್ನು x² + 4 ಎಂದು ಬಿಡಿಸುವುದು ಅತಿ ಹೆಚ್ಚು ಕಾಣುವ ತಪ್ಪು. ಹಾಗೆ ಮಾಡಿದವನಿಗೆ x² − 4x + 1 ಬಂದಿರುತ್ತದೆ. ಅವನು ಸೊನ್ನೆ ಹಾಕಿದರೆ 1 ಬರುತ್ತದೆ. ಮೂಲ ಫಂಕ್ಷನ್ನಿನಲ್ಲಿ f(2) = 4 − 8 + 5, ಅದೂ 1. ಖುಷಿಯಿಂದ ಟಿಕ್ ಹಾಕಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ. ಬಿಟ್ಟುಹೋದದ್ದು 4x ಎನ್ನುವ ಪದ, ಸೊನ್ನೆ ಹಾಕಿದಾಗ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅದೇ ಜಾಗದಲ್ಲಿ 1 ಹಾಕಿದ್ದರೆ ಅವನ ಉತ್ತರ −2 ಕೊಡುತ್ತಿತ್ತು, f(3) ಮಾತ್ರ 2. ಆಗ ತಪ್ಪು ಸಿಕ್ಕಿಬೀಳುತ್ತಿತ್ತು.

ಒಂದು ಸಂಖ್ಯೆಯನ್ನು ನಂಬಬಾರದು ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಇದೇ ಲೆಕ್ಕದಲ್ಲಿದೆ. f(x) + 2 ಅಂದರೆ x² − 4x + 7. ಇದೂ x² + 1 ಕೂಡ x = 1.5 ಇರುವಲ್ಲಿ ಒಂದೇ ಬೆಲೆ ಕೊಡುತ್ತವೆ, 3.25. ಒಳಗಿನ ಎರಡಕ್ಕೂ ಹೊರಗಿನ ಎರಡಕ್ಕೂ ವ್ಯತ್ಯಾಸವೇ ಇಲ್ಲ ಎಂದು ವಾದಿಸುವ ಚೂಟಿ ಹುಡುಗಿಗೆ ಆ ಒಂದು ಬಿಂದು ಸಾಕು!

ಹಾಗಾದರೆ ಎಷ್ಟು ಸಂಖ್ಯೆ ಹಾಕಬೇಕು? ಇದಕ್ಕೆ ಗಟ್ಟಿಯಾದ ಉತ್ತರವಿದೆ. ವರ್ಗದ ಪದಕ್ಕಿಂತ ಮೇಲಿನದು ಇಲ್ಲದ ಎರಡು ಬಹುಪದಗಳು ಮೂರು ಬೇರೆ ಬೇರೆ x ಬೆಲೆಗಳಲ್ಲಿ ಹೊಂದಿದರೆ ಅವು ಒಂದೇ ಬಹುಪದ. ಯಾಕೆಂದರೆ ಅವುಗಳ ವ್ಯತ್ಯಾಸವೂ ಹೆಚ್ಚೆಂದರೆ ವರ್ಗದ್ದೇ ಆಗಿರುತ್ತದೆ, ಅದು ಪೂರ್ತಿ ಸೊನ್ನೆಯಲ್ಲದಿದ್ದರೆ ಎರಡಕ್ಕಿಂತ ಹೆಚ್ಚು ಕಡೆ ಸೊನ್ನೆಯಾಗಲಾರದು. ಆದ್ದರಿಂದ ನಮ್ಮ ಲೆಕ್ಕಕ್ಕೆ 0, 1, 3 ಹಾಕೋಣ. ಮೂಲದಿಂದ f(2) = 1, f(3) = 2, f(5) = 25 − 20 + 5 = 10. x² + 1 ಕೊಡುವುದೂ 1, 2, 10. ಇನ್ನು ಅನುಮಾನಕ್ಕೆ ಜಾಗವಿಲ್ಲ. ಹಾಕುವಾಗ ಒಂದು ಎಚ್ಚರ ಬೇಕು: ಬಿಡಿಸಿದ ಉತ್ತರದಲ್ಲಿ x ಹಾಕಿದರೆ ಮೂಲದಲ್ಲಿ x + 2 ಹಾಕಬೇಕು. ಎರಡೂ ಕಡೆ 3 ಹಾಕಿ “ಹೊಂದ್ತಾ ಇಲ್ಲ ಸಾರ್” ಎಂದು ಬರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಅಂದಹಾಗೆ, f ಅಕ್ಷರದ ಪಕ್ಕ ಆವರಣ ಹಾಕಿ ಬರೆಯುವ ಪದ್ಧತಿ ಗಣಿತಜ್ಞ ಆಯ್ಲರ್ 1734ರಲ್ಲಿ ಬರೆದ ಲೇಖನದಿಂದ ಬಂದದ್ದು. ಅಲ್ಲಿ ಅವನು ಆವರಣದೊಳಗೆ ಇಟ್ಟದ್ದೂ ಬರಿಯ x ಅಲ್ಲ, x/a + c. ಒಳಗೆ ಕೂಡಿಸುವ ತಾಪತ್ರಯ ಹುಟ್ಟಿನಿಂದಲೇ ಇದೆ.

ಡೊಮೈನಿಗೆ ಬರೋಣ. f ಒಪ್ಪುವುದು 0ಯಿಂದ 5. ಈಗ ಅದರೊಳಗೆ ಹೋಗುತ್ತಿರುವುದು x + 2. ಹಾಗಾಗಿ 0 ≤ x + 2 ≤ 5 ಎಂದು ಬರೆದು ಎಲ್ಲ ಕಡೆ ಎರಡು ಕಳೆದರೆ −2 ≤ x ≤ 3. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ, ಎರಡು ಕಳೆಯುವ ಬದಲು ಕೂಡಿಸಿ 2ರಿಂದ 7 ಎಂದು ಬರೆಯುವುದು. ಪರೀಕ್ಷೆಯೂ ಸುಲಭ. ಬರೆದ ಎರಡೂ ತುದಿಗಳನ್ನು x + 2ಗೆ ಹಾಕಿ, ಬಂದದ್ದು ಮೂಲ ಡೊಮೈನಿನ ತುದಿಗಳೇ ಆಗಿವೆಯೇ ನೋಡಬೇಕು. −2 ಹಾಕಿದರೆ 0, 3 ಹಾಕಿದರೆ 5, ಸರಿಹೋಯಿತು. 7 ಹಾಕಿದರೆ 9 ಬರುತ್ತದೆ, fಗೆ 9 ಗೊತ್ತೇ ಇಲ್ಲ. ಉತ್ತರ x² + 1 ಎಂದು ಬಂದಾಗ ಇನ್ನೊಂದು ಮೋಸವಿದೆ: ಅದಕ್ಕೆ ಯಾವ ಸಂಖ್ಯೆ ಹಾಕಿದರೂ ನಡೆಯುವಂತೆ ಕಾಣುವುದರಿಂದ “ಎಲ್ಲ ವಾಸ್ತವ ಸಂಖ್ಯೆಗಳು” ಎಂದು ಬರೆದುಬಿಡುತ್ತಾರೆ. ಬಿಡಿಸಿ ಚಿಕ್ಕದು ಮಾಡಿದ ಮಾತ್ರಕ್ಕೆ ಮೊದಲಿನ ಕಟ್ಟುಪಾಡು ಹೋಗುವುದಿಲ್ಲ.

ರೇಂಜಿನಲ್ಲಿ ಬಹುಪಾಲು ಎಲ್ಲರೂ ತುದಿಗಳನ್ನಷ್ಟೇ ನೋಡುತ್ತಾರೆ. f(0) = 5, f(5) = 10, ಆದ್ದರಿಂದ ರೇಂಜ್ 5ರಿಂದ 10 ಎಂದು ಬರೆದು ಮುಗಿಸುತ್ತಾರೆ. ವಕ್ರರೇಖೆ ನಡುವೆ ಕೆಳಗಿಳಿದು ಮತ್ತೆ ಹತ್ತಿರಬಹುದು ಎನ್ನುವುದು ಅವರ ಗಮನಕ್ಕೆ ಬರುವುದಿಲ್ಲ. x² − 4x + 5 ಅನ್ನು (x − 2)² + 1 ಎಂದು ಬರೆದರೆ x = 2ರಲ್ಲಿ ಅದು 1ಕ್ಕೆ ಇಳಿಯುವುದು ಕಾಣುತ್ತದೆ. ಸರಿಯಾದ ರೇಂಜ್ 1ರಿಂದ 10. f(x + 2)ರದೂ ಅದೇ 1ರಿಂದ 10, f(x) + 2ರದು ಮಾತ್ರ 3ರಿಂದ 12. ಅದರ ಡೊಮೈನ್ 0ಯಿಂದ 5 ಇದ್ದಂತೆಯೇ ಇರುತ್ತದೆ.

ರೇಂಜ್ ಪರೀಕ್ಷಿಸಬೇಕಾದರೆ ಹಿಂದಿನಿಂದ ಹೋಗಬೇಕು. ಒಂದು ಬೆಲೆ k ಆರಿಸಿಕೊಂಡು f(x) = k ಬಿಡಿಸಿದರೆ x = 2 ± √(k − 1) ಬರುತ್ತದೆ. ನಿಮ್ಮ ಉತ್ತರದ ಹೊರಗಿನ ಒಂದು ಬೆಲೆಯನ್ನೇ ಹಾಕಿ ನೋಡಿ. 5ರಿಂದ 10 ಎಂದು ಬರೆದವರು k = 3 ಹಾಕಲಿ. x = 2 ± √2, ಸುಮಾರು 3.41 ಮತ್ತು 0.59, ಎರಡೂ 0ಯಿಂದ 5ರೊಳಗೆ ಇವೆ. ಅಂದರೆ 3 ಎನ್ನುವ ಬೆಲೆ ಬಂದೇ ಬರುತ್ತದೆ, ರೇಂಜಿನಲ್ಲಿ ಇರಲೇಬೇಕು. k = 0 ಹಾಕಿದರೆ √(−1), ಅದು ಸಿಗದು. k = 11 ಹಾಕಿದರೆ x ಸುಮಾರು 5.16 ಅಥವಾ −1.16, ಎರಡೂ ಹೊರಗೆ. k = 10 ಹಾಕಿದರೆ 5 ಮತ್ತು −1. ಅವುಗಳಲ್ಲಿ ಒಂದು ಡೊಮೈನಿನಲ್ಲಿದ್ದರೆ ಸಾಕು, ಎರಡೂ ಇರಬೇಕೆಂದಿಲ್ಲ. ತುದಿಯ ಬೆಲೆಗಳಲ್ಲೊಂದು, ಅದರಾಚೆಯದೊಂದು, ಎರಡೂ ಕೊನೆಗಳಲ್ಲಿ ಹೀಗೆ ನೋಡಿದರೆ ನಡುವೆ ತುಂಡಿಲ್ಲದೆ ಹರಿಯುವ ಇಂಥ ಫಂಕ್ಷನ್ನಿಗೆ ಬಹುಮಟ್ಟಿಗೆ ಸಾಕು. 1/x ತರಹದ, ನಡುವೆ ತುಂಡಾಗುವ ಫಂಕ್ಷನ್ನುಗಳಿಗೆ ಸಾಲದು, ಅಲ್ಲಿ ಒಳಗೂ ಬಿಟ್ಟುಹೋದ ಬೆಲೆಗಳಿರುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಉತ್ತರದ ಹಾಳೆಯೊಂದಿಗೆ ಹೊಂದದಿದ್ದರೆ ಮೊದಲು ಬರೆದ ರೂಪ ನೋಡಿ. [−2, 3] ಎಂದರೂ −2 ≤ x ≤ 3 ಎಂದರೂ ಒಂದೇ, (−2, 3) ಎಂದರೆ ಮಾತ್ರ ಬೇರೆ, ಅದರಲ್ಲಿ ತುದಿಗಳು ಸೇರಿಲ್ಲ. ಅದೂ ಅಲ್ಲವೆಂದರೆ ಪ್ರಶ್ನೆಯಲ್ಲಿ 0 ≤ x ≤ 5 ಎಂದು ಕೊಟ್ಟು, ಹಾಳೆ ತಯಾರಿಸಿದವರೇ ಅದನ್ನು ಮರೆತು ರೇಂಜ್ y ≥ 1 ಎಂದು ಬರೆದಿರಬಹುದು. k = 11 ಹಾಕಿದರೆ ಅದೂ ಸಿಕ್ಕಿಬೀಳುತ್ತದೆ.