ಬೊಂಬೆ ಫೋಟೋ ಕಾರ್ಯಾಗಾರ: ತಯಾರಿ ಎಲ್ಲಿಗೆ ಬಂತು

ಚನ್ನಪಟ್ಟಣದ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಒಂದು ದಿನದ ಫೋಟೋ ಕಾರ್ಯಾಗಾರ ಮಾಡುವ ಯೋಜನೆ ಈಗ ಒಂದು ರೂಪಕ್ಕೆ ಬಂದಿದೆ. ಬರುವವರೆಲ್ಲ ಅರಗಿನ ಬೊಂಬೆ ಮಾಡುವ ಮನೆಗಳವರು. ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಈಗಾಗಲೇ ಮಾರುತ್ತಿದ್ದಾರೆ. ಅವರ ಹಳೆಯ ಫೋಟೋಗಳನ್ನು ಮೊದಲೇ ತರಿಸಿಕೊಂಡು ನೋಡಿದೆ. ಹೆಚ್ಚಿನವು ಮಸುಕು. ಆದರೆ ಎಲ್ಲ ಮಸುಕಿಗೂ ಕಾರಣ ಒಂದೇ ಅಲ್ಲ. ಕಾರಣ ತಿಳಿಯದೆ ಹೊಸ ಫೋನ್ ಕೊಂಡರೆ ದುಡ್ಡು ದಂಡ, ಅಷ್ಟೇ.

ಹಾಗಾಗಿ ಬೆಳಗಿನ ಪಾಠ ಫೋಟೋ ತೆಗೆಯುವುದಲ್ಲ, ತೆಗೆದಿದ್ದನ್ನು ದೊಡ್ಡದು ಮಾಡಿ ನೋಡುವುದು. ಬಣ್ಣದ ಸುತ್ತ ಹಾಲು ಚೆಲ್ಲಿದ ಹಾಗೆ ಮಬ್ಬು ಇದ್ದರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡು. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಎಳೆದಿದ್ದರೆ ಕೈ ಅಲುಗಿದೆ. ಬೊಂಬೆ ಮಸುಕಾಗಿ ಹಿಂದಿನ ಗೋಡೆ ಚೊಕ್ಕವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲೂ ಏನೂ ಚೊಕ್ಕವಾಗಿಲ್ಲ ಅಂದರೆ ಬಹುಶಃ ಫೋನ್ ತೀರಾ ಹತ್ತಿರ ಹೋಗಿದೆ. ಎರಡು ಅಡಿ ಹಿಂದೆ ಸರಿದು ತೆಗೆದು, ಆಮೇಲೆ ಅಂಚು ಕತ್ತರಿಸಿದರೆ ಇದು ಸರಿಹೋಗುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ 'ಮ್ಯಾಕ್ರೋ' ಅಂತ ಇರುವ ಕ್ಯಾಮೆರಾ ಎಷ್ಟೋ ಸಲ ಬರೀ 2 ಮೆಗಾಪಿಕ್ಸೆಲ್‌ನದು. ಅದನ್ನು ಮುಟ್ಟಬೇಡಿ ಅಂತಲೇ ಹೇಳುತ್ತೇನೆ.

ಲೆನ್ಸ್ ಒರೆಸುವ ವಿಷಯದಲ್ಲಿ ಒಂದು ಎಚ್ಚರ. ಲೇತ್ ಹತ್ತಿರ ಕೂತವರ ಅಂಗಿಯ ತುಂಬ ಮರದ ಪುಡಿ, ಮರಳು ಕಾಗದದ ಧೂಳು. ಅದೇ ಅಂಗಿಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ತೊಳೆದ ಹತ್ತಿ ಬಟ್ಟೆಯಲ್ಲಿ ಒರೆಸಬೇಕು.

ಎರಡನೇ ಪಾಠ ಬೆಳಕು. ಇದಕ್ಕೆ ಜಾಸ್ತಿ ಸಮಯ ಇಟ್ಟಿದ್ದೇನೆ, ಯಾಕೆಂದರೆ ಅರಗಿನ ಹೊಳಪೇ ಇಲ್ಲಿನ ತೊಡಕು. ಕೆಂಪು ಹಳದಿ ಬುಗುರಿಯೊಂದನ್ನು ಜಗಲಿಯ ನೆರಳಲ್ಲಿಟ್ಟು ಪರೀಕ್ಷೆ ಮಾಡಿದೆ. ಅದರ ಮೈಯಲ್ಲಿ ಕಿಟಕಿ, ಫೋನು, ನನ್ನ ಮುಖ ಎಲ್ಲ ಕಂಡವು. ಫ್ಲ್ಯಾಶ್ ಹಾಕಿದರೆ ಒಂದು ಬಿಳಿ ಚುಕ್ಕೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗೆ ಅಡ್ಡವಾಗಿ ತೆಳ್ಳನೆಯ ಬಿಳಿ ಪಂಚೆ ಕಟ್ಟಿ, ಎದುರು ಬದಿಗೆ ಥರ್ಮಾಕೋಲ್ ಹಲಗೆ ನಿಲ್ಲಿಸಿದೆ. ಆ ಚುಕ್ಕೆ ಹೋಗಿ ಉದ್ದನೆಯ ಮೆದು ಪಟ್ಟಿ ಬಂತು, ಬುಗುರಿಯ ಉಬ್ಬು ಕಾಣಿಸಿತು. ಆ ಪಟ್ಟಿಯನ್ನೂ ಅಳಿಸಲು ಹೋಗಬಾರದು. ಹೊಳಪೇ ಇಲ್ಲದಿದ್ದರೆ ಅರಗಿನ ಬೊಂಬೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಪಕ್ಕದಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಆರಿಸಬೇಕು, ಎರಡು ಥರದ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ.

ಆಮೇಲೆ ಕೆಂಪಿನ ಸಮಸ್ಯೆ. ಬಿಳಿ ಚಾರ್ಟ್ ಮೇಲೆ ಇಟ್ಟರೆ ಫೋನ್ ಕಾಗದವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಅದನ್ನು ಬೆಳ್ಳಗೆ ಮಾಡಲು ಬೆಳಕು ಏರಿಸಿದರೆ ಕೆಂಪು ಭಾಗ ಚಪ್ಪಟೆಯಾಗಿ, ಉಳಿಯ ಗೆರೆಗಳು ಮಾಯವಾಗುತ್ತವೆ. ನನ್ನ ತೀರ್ಮಾನ ಇಷ್ಟು: ಬೊಂಬೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಗೆರೆ ಕಾಣುವವರೆಗೆ ಬೆಳಕು ಇಳಿಸುವುದು. ಕಾಗದದ ಬಿಳುಪನ್ನು ಎಡಿಟ್ ಮಾಡುವಾಗ ಹೆಚ್ಚಿಸಿಕೊಳ್ಳಬಹುದು, ಹೋದ ಗೆರೆ ಮತ್ತೆ ಬರುವುದಿಲ್ಲ. ಅಮೆಜಾನ್‌ನಲ್ಲಿ ಮೊದಲ ಫೋಟೋಗೆ ಅಪ್ಪಟ ಬಿಳಿ ಹಿನ್ನೆಲೆಯೇ ಬೇಕು, ಹಾಗಾಗಿ ಈ ಎಡಿಟ್ ಎಲ್ಲರಿಗೂ ಬರಬೇಕು. ಫೋನನ್ನು ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ, ಟೈಮರ್ 3 ಸೆಕೆಂಡಿಗೆ ಇಟ್ಟರೆ ಬಟನ್ ಒತ್ತಿದ ಅದುರು ಫೋಟೋಗೆ ಬರಲ್ಲ.

ವಿಡಿಯೊಗೆ ಒಂದೇ ದೃಶ್ಯ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅದು ಕರಗಿ ಬಣ್ಣ ಏರುವುದು, ಆಮೇಲೆ ತಾಳೆಗರಿಯಿಂದ ಮೆರುಗು ಕೊಡುವುದು. ಕೊಳ್ಳುವವರು ನೋಡಬೇಕಾದ್ದು ಇದನ್ನೇ. ಆದರೆ ಲೇತ್ ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದರೆ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿಯುತ್ತವೆ. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ರೊ ಮೋಡ್ ಇರುವವರು ಶಟರ್ 1/50 ಅಥವಾ 1/100 ಇಡಬಹುದು. ಇಲ್ಲದವರಿಗೆ ಬಾಗಿಲ ಬೆಳಕೇ ಗತಿ. ಫೋನ್ ಸ್ಟ್ಯಾಂಡನ್ನು ಲೇತ್ ಕಟ್ಟಿಗೆ ತಾಗಿಸಬಾರದು, ಮೋಟಾರಿನ ಅದುರು ಪೂರ್ತಿ ಚಿತ್ರಕ್ಕೆ ಬರುತ್ತದೆ. ದುಪಟ್ಟಾ, ಚಾರ್ಜರ್ ವೈರು ಲೇತ್‌ನಿಂದ ದೂರ.

"ಅಣ್ಣಾ, ಗ್ಯಾಲರೀಲಿ ಚೆನ್ನಾಗಿದೆ, ಕಸ್ಟಮರ್‌ಗೆ ಕಳಿಸಿದ್ರೆ ಕೆಡುತ್ತೆ" ಅಂತ ಒಬ್ಬ ಹುಡುಗ ಕೇಳಿದ್ದ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಅದೇ ಕಾರಣ. ಡಾಕ್ಯುಮೆಂಟ್ ಆಗಿ ಕಳಿಸುವುದನ್ನು ಕೊನೆಯ ಅರ್ಧ ಗಂಟೆಗೆ ಸೇರಿಸಿದೆ.

ಬಾಕಿ ಇರುವುದು: ಇನ್ನೂ ನಾಲ್ಕು ಥರ್ಮಾಕೋಲ್ ಹಲಗೆ, ಕೆನೆ ಬಣ್ಣದ ಚಾರ್ಟು. ಒಳ್ಳೆ ಬೆಳಕಿನ ಕಿಟಕಿ ಎರಡೇ ಇರುವುದರಿಂದ ಹನ್ನೆರಡು ಜನಕ್ಕೆ ನಿಲ್ಲಿಸಬೇಕು. ಮಧ್ಯಾಹ್ನ ಕರೆಂಟ್ ಹೋದರೆ ಲೇತ್ ನಿಲ್ಲುತ್ತದೆ, ಆದ್ದರಿಂದ ವಿಡಿಯೊ ಪಾಠವನ್ನು ಬೆಳಗಿನ ಟೀ ನಂತರಕ್ಕೆ ತಂದು, ಬೆಳಕಿನ ಪಾಠವನ್ನು ಊಟದ ಆಚೆಗೆ ಹಾಕುತ್ತಿದ್ದೇನೆ.